ಡೈಪರ್ ಬ್ಯಾಗ್: ಯಾವುದು ತಗೊಳ್ಳಬೇಕು, ಏನು ತುಂಬಬೇಕು, ವಾಪಸ್ ಬಂದ ಮೇಲೆ ಏನು ಸೇರಿಸಬೇಕು

ಅಂಗಡಿಯಲ್ಲಿ ಡೈಪರ್ ಬ್ಯಾಗ್ ಕೇಳಿದರೆ ಮೊದಲು ತೋರಿಸುವುದೇ ಜೇಬುಗಳನ್ನು. ಬಾಟಲಿಗೊಂದು, ವೈಪ್ಸ್‌ಗೊಂದು, ಮೊಬೈಲಿಗೊಂದು, ಒದ್ದೆ ಬಟ್ಟೆಗೊಂದು. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಬ್ಯಾಗ್ ಆರಿಸುವಾಗ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಮನೆಗೆ ವಾಪಸ್ ಬಂದಾಗ, ಸುಸ್ತಾಗಿರುವಾಗ, ಮಗು ಹೆಗಲ ಮೇಲೆ ಮಲಗಿರುವಾಗ, ಇದರಲ್ಲಿ ಏನು ಖಾಲಿಯಾಗಿದೆ ಅಂತ ತಕ್ಷಣ ಗೊತ್ತಾಗುತ್ತಾ?

ಹೊರಗೆ ಹೋದಾಗ ಜನ ಪರದಾಡುವುದು ಬಹಳ ಸಲ ಇದೇ ಕಾರಣಕ್ಕೆ. ಮೊದಲ ಸಲ ಬ್ಯಾಗ್ ತುಂಬುವಾಗ ಎಲ್ಲರೂ ಜಾಗ್ರತೆಯಿಂದಲೇ ತುಂಬುತ್ತಾರೆ. ಹೋದ ವಾರ ಬಳಸಿದ ಕೊನೆಯ ಜೊತೆ ಬಟ್ಟೆಯನ್ನು ಮತ್ತೆ ಇಡುವುದು ಮರೆತುಹೋಗುತ್ತದೆ, ಅಷ್ಟೆ. ಅದು ಗೊತ್ತಾಗುವುದು ಛತ್ರದಲ್ಲೋ ಬಸ್ಸಿನಲ್ಲೋ.

ಇಲ್ಲಿ ಹೇಳುತ್ತಿರುವುದು ಆರು ತಿಂಗಳೊಳಗಿನ, ಬರೀ ಹಾಲು ಕುಡಿಯುವ ಮಗುವಿಗೆ. ಊಟ ಶುರುವಾದ ಮೇಲೆ ಬ್ಯಾಗಿನ ಲೆಕ್ಕವೇ ಬೇರೆ.

ಬ್ಯಾಗ್: ಮೂರರಲ್ಲಿ ಯಾವುದು?

ಸಾಮಾನ್ಯವಾಗಿ ಮೂರು ದಾರಿ ಇವೆ. ಮೊದಲನೆಯದು ಡೈಪರ್ ಬ್ಯಾಗ್ ಅಂತಲೇ ಮಾರುವ, ಬೆನ್ನಿಗೆ ಹಾಕುವ ಬ್ಯಾಗ್. ಎರಡನೆಯದು ಒಂದೇ ಹೆಗಲಿಗೆ ಹಾಕುವ ದೊಡ್ಡ ಬ್ಯಾಗ್. ಇದು ಹೆಚ್ಚಿನ ಮನೆಗಳಲ್ಲಿ ಆಗಲೇ ಇರುತ್ತದೆ. ಮೂರನೆಯದು ಕಾಲೇಜಿಗೆ ಹಾಕಿಕೊಂಡು ಹೋಗುವಂಥ ಸಾಧಾರಣ ಬ್ಯಾಗು, ಒಳಗೆ ಮೂರು ಜಿಪ್ ಪೌಚ್.

ಒಂದೇ ಹೆಗಲಿನ ಬ್ಯಾಗ್ ಅನ್ನು ನಾನು ಮೊದಲೇ ಬೇಡ ಅನ್ನುತ್ತೇನೆ. ಮಗುವನ್ನು ಎತ್ತಿಕೊಂಡು ಬಗ್ಗಿದರೆ ಅದು ಜಾರಿ ಮುಂದಕ್ಕೆ ಬರುತ್ತದೆ. ಬಸ್ ಹತ್ತುವಾಗ ಒಂದು ಕೈ ಮಗುವಿಗೆ, ಒಂದು ಕೈ ಕಂಬಿಗೆ ಬೇಕು, ಬ್ಯಾಗ್ ಹಿಡಿಯಲು ಮೂರನೇ ಕೈ ಇಲ್ಲ. ಬಾಣಂತಿಯ ಬೆನ್ನು, ಸೊಂಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಒಂದೇ ಕಡೆ ಭಾರ ಬಿದ್ದರೆ ರಾತ್ರಿ ನೋವು ಗ್ಯಾರಂಟಿ. ಒಳಗೆ ಅಡ್ಡಗೋಡೆ ಇಲ್ಲದಿದ್ದರೆ ಬಾವಿಗೆ ಕೈ ಹಾಕಿ ಹುಡುಕಿದ ಹಾಗೆ ಹುಡುಕಬೇಕು.

ಡೈಪರ್ ಬ್ಯಾಗ್ ಅಂತ ಮಾರುವುದರಲ್ಲಿ ಒಂದು ನಿಜವಾದ ಅನುಕೂಲ ಇದೆ. ಬಾಯಿ ಪೂರ್ತಿ ಅಗಲವಾಗಿ ತೆರೆದುಕೊಂಡು ಹಾಗೇ ನಿಲ್ಲುತ್ತದೆ, ಒಂದೇ ಕೈಯಲ್ಲಿ ತೆಗೆಯಬಹುದು. ತೊಂದರೆ ಏನು ಅಂದರೆ ಜೇಬು ಜಾಸ್ತಿ. ಹನ್ನೆರಡು ಜೇಬು ಇದ್ದರೆ ಹನ್ನೆರಡನ್ನೂ ತೆರೆದು ನೋಡಬೇಕು, ಯಾರೂ ನೋಡುವುದಿಲ್ಲ. ಮಗುವನ್ನು ಹಿಡಿದುಕೊಂಡಿರುವುದು ಗಂಡನೋ ಅತ್ತೆಯೋ ಆದರೆ ಅವರಿಗೆ ಯಾವ ಜೇಬಿನಲ್ಲಿ ಏನಿದೆ ಅಂತ ಗೊತ್ತೂ ಇರುವುದಿಲ್ಲ.

ಹಾಗಾಗಿ ನನ್ನ ಆಯ್ಕೆ ಮೂರನೆಯದು. ಬೆನ್ನಿಗೆ ಹಾಕುವ ಸಾಧಾರಣ ಬ್ಯಾಗ್, ಒಳಗೆ ಬೇರೆ ಬೇರೆ ಬಣ್ಣದ ಅಥವಾ ಒಳಗಿರುವುದು ಕಾಣಿಸುವಂಥ ಮೂರು ಪೌಚ್. ಒಂದು ಡೈಪರ್ ಬದಲಿಸುವುದಕ್ಕೆ, ಒಂದು ಬಟ್ಟೆಗೆ, ಒಂದು ಹಾಲಿಗೆ. ಲಸಿಕೆಗೆ ಹತ್ತಿರದ ಆಸ್ಪತ್ರೆಗೆ ಹೋಗುವಾಗ ಬ್ಯಾಗೇ ಬೇಡ, ಡೈಪರ್ ಪೌಚ್ ಒಂದನ್ನೇ ಕೈಚೀಲಕ್ಕೆ ಹಾಕಿಕೊಂಡು ಹೊರಡಬಹುದು. ಛತ್ರದಲ್ಲಿ ಮಗುವನ್ನು ಬದಲಿಸಲು ರೂಮಿಗೆ ಹೋಗುವಾಗ ಕೂಡ ಅಷ್ಟೆ, ಪೂರ್ತಿ ಬ್ಯಾಗ್ ಎಳೆದುಕೊಂಡು ಹೋಗಬೇಕಿಲ್ಲ. ಮನೆಗೆ ಬಂದ ಮೇಲೆ ನೋಡಬೇಕಾಗಿರುವುದೂ ಮೂರೇ. ಬ್ಯಾಗಿಗೆ ಖರ್ಚು ಮಾಡುವ ದುಡ್ಡನ್ನು ಒಂದು ಒಳ್ಳೆಯ ಫ್ಲಾಸ್ಕಿಗೆ ಹಾಕಿ, ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹೊರಗೆ ಹೋದಾಗ ಯಾವ ಡೈಪರ್?

ಮನೆಯಲ್ಲಿ ಏನು ಬಳಸುತ್ತೀರೋ ಅದನ್ನೇ ಹೊರಗೂ ಬಳಸಬೇಕು ಅಂತೇನಿಲ್ಲ. ಹಳೆ ಪಂಚೆಯ ಲಂಗೋಟಿ ಮೈಗೆ ಮೆತ್ತಗೆ, ದುಡ್ಡೂ ಉಳಿಯುತ್ತದೆ, ಬಿಸಿಲಲ್ಲಿ ಒಣಗಿಸಿದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಪ್ರತಿ ಸಲ ಉಚ್ಚೆ ಮಾಡಿದಾಗಲೂ ಬದಲಿಸಬೇಕು. ಅರ್ಧ ದಿನಕ್ಕೇ ಹತ್ತು ಲಂಗೋಟಿ ಬೇಕಾಗಬಹುದು, ವಾಪಸ್ ಬರುವಾಗ ಹತ್ತೂ ಒದ್ದೆ ಭಾರ. ಅಜ್ಜಿ ಮನೆಗೆ ಹೋಗುತ್ತಿದ್ದೀರಾ, ಅಲ್ಲಿ ನಲ್ಲಿ ಇದೆ, ತಂತಿ ಇದೆ, ಆಗ ಲಂಗೋಟಿಯೇ ಒಯ್ಯಿರಿ. ಒಳಗೆ ಪ್ಯಾಡ್ ಹಾಕುವ ಬಟ್ಟೆ ಡೈಪರ್ ಸ್ವಲ್ಪ ಜಾಸ್ತಿ ಹೊತ್ತು ತಡೆಯುತ್ತದೆ, ಆದರೆ ಅದರದ್ದೂ ಇದೇ ಕಥೆ: ಕೊಳೆಯಾದದ್ದನ್ನು ಮನೆಯವರೆಗೆ ಹೊತ್ತು ತರಬೇಕು.

ಒಮ್ಮೆ ಬಳಸಿ ಬಿಸಾಕುವ ಡೈಪರಿನಲ್ಲಿ ಎರಡು ಬಗೆ. ಪಕ್ಕದಲ್ಲಿ ಅಂಟಿಸುವುದು ಒಂದು, ಚಡ್ಡಿಯ ಹಾಗೆ ಏರಿಸುವುದು ಇನ್ನೊಂದು. ಇನ್ನೂ ಮಗುಚಿಕೊಳ್ಳದ, ಮಲಗಿಸಿದಲ್ಲೇ ಮಲಗಿರುವ ಮಗುವಿಗೆ ಅಂಟಿಸುವುದೇ ಸುಲಭ. ಕಾಲಿನ ಬಟ್ಟೆ ಪೂರ್ತಿ ಬಿಚ್ಚಬೇಕಿಲ್ಲ. ರೈಲಿನ ಸೀಟಿನ ಮೇಲೆ, ನಿಮ್ಮ ತೊಡೆಯ ಮೇಲೆ ಕೂಡ ಬದಲಿಸಬಹುದು. ಹೊಕ್ಕುಳು ಇನ್ನೂ ಒಣಗದ ಮಗುವಿಗೆ ಮುಂಭಾಗವನ್ನು ಕೆಳಕ್ಕೆ ಮಡಚಿ ಅಂಟಿಸಬಹುದು. ಮಗು ಮಗುಚಿಕೊಳ್ಳಲು, ಒದೆಯಲು ಶುರು ಮಾಡಿದ ಮೇಲೆ ಮಾತ್ರ ಅಂಟಿಸುವ ಹೊತ್ತಿಗೆ ಅದು ಅರ್ಧ ತಿರುಗಿರುತ್ತದೆ, ಅಲ್ವಾ? ಆಗ ಚಡ್ಡಿ ಡೈಪರಿಗೆ ಬದಲಾಗಿ. ಚಡ್ಡಿ ಡೈಪರನ್ನು ಕೆಳಕ್ಕೆ ಎಳೆದು ತೆಗೆಯಬೇಡಿ, ಕಕ್ಕ ಕಾಲಿಗೆಲ್ಲ ಬಳಿದುಕೊಳ್ಳುತ್ತದೆ. ಎರಡೂ ಪಕ್ಕದ ಹೊಲಿಗೆ ಹರಿದರೆ ಬಿಚ್ಚಿಕೊಳ್ಳುತ್ತದೆ, ಅದು ಇರುವುದೇ ಹಾಗೆ.

ಎಷ್ಟು ಇಡಬೇಕು ಅನ್ನುವುದಕ್ಕೆ ಸುಲಭ ಲೆಕ್ಕ: ಹೊರಗಿರುವ ಗಂಟೆಗಳನ್ನು ಎರಡೂವರೆಯಿಂದ ಭಾಗಿಸಿ, ಬಂದದ್ದಕ್ಕೆ ಎರಡು ಸೇರಿಸಿ. ಆ ಎರಡು, ಕಕ್ಕ ಮಾಡಿ ಬದಲಿಸಿದ ಐದೇ ನಿಮಿಷಕ್ಕೆ ಮತ್ತೆ ಮಾಡುವ ಮಕ್ಕಳಿಗಾಗಿ. ತಿಂಗಳೊಳಗಿನ ಕೂಸಾದರೆ ಇನ್ನೂ ಒಂದೆರಡು ಜಾಸ್ತಿ ಇಡಿ, ಕೆಲವು ಮಕ್ಕಳು ಪ್ರತಿ ಸಲ ಹಾಲು ಕುಡಿದಾಗಲೂ ಕಕ್ಕ ಮಾಡುತ್ತವೆ.

ವೈಪ್ಸಾ, ಹತ್ತಿ ಮತ್ತು ನೀರಾ?

ಕಕ್ಕ ಒರೆಸಲು ಹೊರಗೆ ವೈಪ್ಸ್ ಅನುಕೂಲ, ಸುವಾಸನೆ ಇಲ್ಲದ್ದನ್ನು ತಗೊಳ್ಳಿ. ಬರೀ ಉಚ್ಚೆಗೆ ಹತ್ತಿ ಉಂಡೆ ಮತ್ತು ಸಣ್ಣ ಬಾಟಲಿ ನೀರು ಸಾಕು. ಮಗುವಿನ ಚರ್ಮ ಕೆಂಪಾಗಿದ್ದರೆ ಎರಡಕ್ಕೂ ಹತ್ತಿ-ನೀರೇ ಒಳ್ಳೆಯದು. ಒರೆಸಿದ ಮೇಲೆ ಗಾಳಿಗೆ ಸ್ವಲ್ಪ ಹೊತ್ತು ಆರಲು ಬಿಡಿ, ಒದ್ದೆ ಮೈಗೆ ಡೈಪರ್ ಮುಚ್ಚಿದರೆ ಕೆಂಪಾಗುವುದು ಜಾಸ್ತಿ. ಜಿಂಕ್ ಆಕ್ಸೈಡ್ ಇರುವ ಕ್ರೀಮಿನ ಸಣ್ಣ ಟ್ಯೂಬ್ ಒಂದು ಇರಲಿ. ಪೌಡರ್ ಡಬ್ಬ ಬ್ಯಾಗಿಗೂ ಬೇಡ, ಮನೆಗೂ ಬೇಡ. ಅದರ ಧೂಳು ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಹಾಲು: ಇಲ್ಲಿ ಮಾತ್ರ ಗಡಿಯಾರ ನೋಡಬೇಕು

ಎದೆಹಾಲು ಕುಡಿಸುತ್ತಿದ್ದರೆ ಹಾಲಿನ ಪೌಚ್ ಬಹುತೇಕ ಖಾಲಿಯೇ. ಒಂದು ದುಪ್ಪಟ್ಟಾ ಅಥವಾ ತೆಳು ಶಾಲು, ಅಮ್ಮನಿಗೆ ಒಂದು ದೊಡ್ಡ ಬಾಟಲಿ ನೀರು, ಹಾಲು ಸೋರುವವರಿಗೆ ಒಂದು ಜೊತೆ ಬ್ರೆಸ್ಟ್ ಪ್ಯಾಡ್, ಅಮ್ಮನಿಗೆ ಒಂದು ಬದಲಿ ಕುರ್ತಾ. ಮಗುವಿಗೆ ನೀರು ಬೇಡ. ಎಷ್ಟೇ ಸೆಕೆ ಇದ್ದರೂ ಆರು ತಿಂಗಳವರೆಗೆ ಹಾಲೇ ಸಾಕು, ಬೇಕಾದರೆ ಇನ್ನೊಂದು ಸಲ ಕುಡಿಸಿ. "ಪಾಪ, ಬಾಯಿ ಒಣಗಿದೆ, ಒಂದು ಚಮಚ ನೀರು ಹಾಕಮ್ಮ" ಅನ್ನುವ ಹಿರಿಯರು ಎಲ್ಲಾ ಸಮಾರಂಭದಲ್ಲೂ ಸಿಗುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. "ಡಾಕ್ಟರ್ ಬೇಡ ಅಂದಿದ್ದಾರೆ ದೊಡ್ಡಮ್ಮ" ಅಂದುಬಿಡಿ, ಮಾತು ಅಲ್ಲಿಗೆ ಮುಗಿಯುತ್ತದೆ.

ಹಿಂಡಿಟ್ಟ ಎದೆಹಾಲು ಒಯ್ಯುವುದಾದರೆ ತಣ್ಣಗಿನ ರೂಮಿನಲ್ಲಿ, ಅಂದರೆ 25 ಡಿಗ್ರಿ ಒಳಗೆ, 4 ಗಂಟೆ ಇರುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ, ಬ್ಯಾಗಿನೊಳಗೆ ಆ 4 ಗಂಟೆಯನ್ನು ನಂಬಬೇಡಿ. ಐಸ್ ಪ್ಯಾಕ್ ಇಟ್ಟ ಶಾಖ ತಡೆಯುವ ಚೀಲದಲ್ಲೇ ಒಯ್ಯಿರಿ, ಐಸ್ ಗಟ್ಟಿಯಾಗಿರುವವರೆಗೆ ಒಂದು ದಿನದವರೆಗೂ ತಡೆಯುತ್ತದೆ. ಮಗು ಕುಡಿದು ಬಿಟ್ಟ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು.

ಪುಡಿ ಹಾಲಿನಲ್ಲಿ ಜನ ಎಡವುವುದು ಒಂದು ಕಡೆ. ಮನೆಯಲ್ಲೇ ಕಲಸಿ ಬಾಟಲಿಯಲ್ಲಿ ತುಂಬಿಕೊಂಡು ಹೊರಡುತ್ತಾರೆ. ಪುಡಿ ಪೂರ್ತಿ ಕ್ರಿಮಿರಹಿತ ಅಲ್ಲ, ಕಲಸಿದ ಮೇಲೆ ಉಗುರುಬೆಚ್ಚಗೆ ಇದ್ದಷ್ಟೂ ಕ್ರಿಮಿ ಬೆಳೆಯುತ್ತವೆ. ಕಲಸಿ 2 ಗಂಟೆಯೊಳಗೆ ಕುಡಿಸಬೇಕು, ಮಗು ಬಾಯಿಟ್ಟ ಮೇಲೆ 1 ಗಂಟೆಯೊಳಗೆ. ಹಾಗಾಗಿ ಬೇರೆ ಬೇರೆಯಾಗಿ ಒಯ್ಯುವುದೇ ಸರಿ: ಒಣಗಿದ ಸಣ್ಣ ಡಬ್ಬಿಯಲ್ಲಿ ಒಂದು ಸಲಕ್ಕೆ ಬೇಕಾದಷ್ಟು ಅಳೆದ ಪುಡಿ, ಕುದಿಸಿದ ತಾಪದಲ್ಲೇ ಫ್ಲಾಸ್ಕಿಗೆ ತುಂಬಿದ ನೀರು, ತೊಳೆದು ಕುದಿಸಿದ ಬಾಟಲಿ. ಪುಡಿಗೆ ಹಾಕುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಪುಡಿಯಲ್ಲಿರುವ ಕ್ರಿಮಿ ಸಾಯುವುದು ಆ ಬಿಸಿಗೆ. ಒಳ್ಳೆಯ ಫ್ಲಾಸ್ಕ್ ಬೇಕು ಅಂದದ್ದು ಇದಕ್ಕೇ. ಕಲಸಿ, ಮುಚ್ಚಳ ಹಾಕಿ, ಬಾಟಲಿಯ ಹೊರಮೈಯನ್ನು ನಲ್ಲಿ ನೀರಿಗೆ ಹಿಡಿದು ತಣಿಸಿ, ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟು ನೋಡಿಯೇ ಕೊಡಿ. ಪುಡಿ, ನೀರಿನ ಅಳತೆ ಡಬ್ಬದ ಮೇಲೆ ಬರೆದಷ್ಟೇ, ಒಂದು ಚಮಚ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಒಳಗೇ ಇರುವುದು, ಹೊರಡುವಾಗ ಸೇರುವುದು

ಬ್ಯಾಗ್ ಸರಿಯಾಗಿ ನಡೆಯುವುದು ಸಾಮಾನುಗಳನ್ನು ಹೀಗೆ ಎರಡು ಭಾಗ ಮಾಡಿದಾಗ.

ಯಾವಾಗಲೂ ಒಳಗೇ ಇರಬೇಕಾದದ್ದು:
- ಡೈಪರ್ 4, ವೈಪ್ಸ್ ಸಣ್ಣ ಪ್ಯಾಕೆಟ್, ಹತ್ತಿ, ಕ್ರೀಮ್, ಹಾಸಲು ಮಡಚುವ ರಬ್ಬರ್ ಶೀಟ್, ಎರಡು ಹಳೆ ನ್ಯೂಸ್ ಪೇಪರ್, ಎರಡು ಕವರ್, ಪೇಪರ್ ಸೋಪ್
- ಜಬ್ಲಾ 2, ಚಡ್ಡಿ 2, ಕುಲಾವಿ, ಸಾಕ್ಸ್, ಮಗುವನ್ನು ಸುತ್ತುವ ಒಂದು ಬಟ್ಟೆ, ಬಾಯಿ ಒರೆಸುವ ಮೂರು ಮೆತ್ತನೆ ಬಟ್ಟೆ, ಅಮ್ಮನ ಬದಲಿ ಕುರ್ತಾ
- ತಾಯಿ ಕಾರ್ಡಿನ ಜೆರಾಕ್ಸ್, ಸ್ವಲ್ಪ ಚಿಲ್ಲರೆ

ಹೊರಡುವ ಮುಂಚೆ ಸೇರಿಸುವುದು ಫ್ಲಾಸ್ಕ್, ಬಾಟಲಿ, ಪುಡಿ, ಐಸ್ ಪ್ಯಾಕ್, ಕುಡಿಯುವ ನೀರು, ಚಾರ್ಜರ್, ದೂರದ ಪ್ರಯಾಣ ಆದರೆ ಇನ್ನಷ್ಟು ಡೈಪರ್. ಇದನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಗಿನ ಜಿಪ್ಪಿಗೇ ಕಟ್ಟಿಬಿಡಿ. ನೆನಪಿನ ಮೇಲೆ ಬಿಡಬೇಡಿ, ಬಾಣಂತನದಲ್ಲಿ ನಿದ್ದೆ ಕೆಟ್ಟು ನೆನಪು ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ಡೈಪರ್ 4 ಅಂತ ಒಂದೇ ಸಂಖ್ಯೆ ಇಟ್ಟುಕೊಳ್ಳಲು ಕಾರಣ ಇದೆ. ಸಂಖ್ಯೆ ಗಟ್ಟಿಯಾಗಿದ್ದರೆ ತುಂಬುವವರು ಯೋಚನೆ ಮಾಡಬೇಕಿಲ್ಲ. ಮಾವನವರೇ ತುಂಬಲಿ, ನಾಲ್ಕು ಆಗುವವರೆಗೆ ಹಾಕುತ್ತಾರೆ, ಮುಗಿಯಿತು.

ಮೈಸೂರಿಂದ ಮಂಡ್ಯಕ್ಕೆ, ಒಂದು ದಿನ

ನನ್ನ ತಂಗಿಯ ಮಗುವಿಗೆ ಮೂರು ತಿಂಗಳು. ಹೆಚ್ಚಾಗಿ ಎದೆಹಾಲು, ದಿನಕ್ಕೆ ಒಂದೆರಡು ಸಲ ಡಾಕ್ಟರ್ ಹೇಳಿದ ಪುಡಿ ಹಾಲು. ಮಂಡ್ಯದ ಛತ್ರದಲ್ಲಿ ನಾದಿನಿಯ ಮಗುವಿನ ನಾಮಕರಣ. ಮೈಸೂರಿನ ಮನೆಯಿಂದ ಬೆಳಿಗ್ಗೆ 8ಕ್ಕೆ ಹೊರಟು ರೈಲು ಹಿಡಿದು, ಊಟ ಮುಗಿಸಿ ಸಂಜೆ 5ರ ಹೊತ್ತಿಗೆ ವಾಪಸ್. ದೂರ ಸುಮಾರು 45 ಕಿಲೋಮೀಟರ್, ಆದರೆ ಬ್ಯಾಗಿಗೆ ಲೆಕ್ಕ ಕಿಲೋಮೀಟರ್ ಅಲ್ಲ, ಆ 9 ಗಂಟೆ.

9 ಗಂಟೆಯನ್ನು ಎರಡೂವರೆಯಿಂದ ಭಾಗಿಸಿದರೆ ಮೂರೂವರೆಗಿಂತ ಸ್ವಲ್ಪ ಜಾಸ್ತಿ, ಅಂದರೆ 4. ಮೇಲೆ ಎರಡು, ಒಟ್ಟು 6. ಒಳಗೆ ಆಗಲೇ 4 ಇದೆ, ಸೇರಿಸಿದ್ದು ಎರಡೇ. ಪುಡಿ ಎರಡು ಸಲಕ್ಕೆ, ಎರಡು ಡಬ್ಬಿಯಲ್ಲಿ. ಬಾಟಲಿಯೂ ಎರಡು, ಯಾಕೆಂದರೆ ಛತ್ರದಲ್ಲಿ ಬಾಟಲಿ ತೊಳೆಯಬಹುದು, ಕುದಿಸುವುದು ಕಷ್ಟ.

ರೈಲಿನಲ್ಲಿ ಮಗು ಹಾಲು ಕಕ್ಕಿತು, ಒಂದು ಜಬ್ಲಾ ಹೋಯಿತು, ಒರೆಸಲು ಎರಡು ಬಟ್ಟೆ ಹೋದವು. ಛತ್ರಕ್ಕೆ ಹೋದ ಮೇಲೆ ಕಕ್ಕ ಬೆನ್ನಿನವರೆಗೂ ಬಂತು. ಉಳಿದ ಜಬ್ಲಾ, ಒಂದು ಚಡ್ಡಿ, ವೈಪ್ಸಿನಲ್ಲಿ ಅರ್ಧ ಅಲ್ಲೇ ಖರ್ಚು. ಇಂಥ ಹೊತ್ತಲ್ಲಿ ಹೆಗಲ ಹತ್ತಿರ ಅಗಲವಾಗಿ ತೆರೆಯುವ ಬಟ್ಟೆ ಇದ್ದರೆ ತಲೆಯ ಮೇಲಿಂದ ಎಳೆಯದೆ ಕೆಳಗಿನಿಂದಲೇ ಜಾರಿಸಿ ತೆಗೆಯಬಹುದು, ಕೂದಲಿಗೆ ಬಳಿಯುವುದಿಲ್ಲ. ದಿನಕ್ಕೆ ಡೈಪರ್ 5 ಖರ್ಚಾಯಿತು, ಪುಡಿ ಹಾಲು ಒಂದೇ ಸಲ. ಬಳಸಿದ ಡೈಪರಿನ ಕಕ್ಕವನ್ನು ಟಾಯ್ಲೆಟ್ಟಿಗೆ ಉದುರಿಸಿ, ಡೈಪರನ್ನು ಒಳಮುಖವಾಗಿ ಸುತ್ತಿ, ಅದರ ಅಂಟಿನಿಂದಲೇ ಕಟ್ಟಿ, ಪೇಪರಿನಲ್ಲಿ ಮಡಚಿ ಕಸದ ಬುಟ್ಟಿಗೆ ಹಾಕಿದರು. ರೈಲಿನಲ್ಲಿ ಬದಲಿಸಿದ್ದನ್ನು ಕಿಟಕಿಯಿಂದ ಎಸೆಯದೆ ಕವರಿನಲ್ಲಿ ಕಟ್ಟಿಕೊಂಡು ಇಳಿದರು. ಟಾಯ್ಲೆಟ್ಟಿನಲ್ಲಿ ಡೈಪರ್ ಹಾಕಿ ನೀರು ಬಿಟ್ಟರೆ ಅದು ಉಬ್ಬಿ ಪೈಪ್ ಕಟ್ಟಿಕೊಳ್ಳುತ್ತದೆ, ಛತ್ರದವರ ಪಾಡು ಕೇಳಬೇಡಿ.

ಈಗ ಬ್ಯಾಗಿನಲ್ಲಿ ಉಳಿದದ್ದು ಒಂದು ಡೈಪರ್, ಒಂದು ಚಡ್ಡಿ, ಒಂದು ಒರೆಸುವ ಬಟ್ಟೆ, ಒಂದು ಡಬ್ಬಿ ಪುಡಿ. ಹೊರಗಿಂದ ನೋಡಿದರೆ ಬ್ಯಾಗ್ ಬೆಳಿಗ್ಗೆಗಿಂತ ದಪ್ಪ ಇದೆ, ಒದ್ದೆ ಬಟ್ಟೆ ತುಂಬಿಕೊಂಡಿದೆ. ಮೂಲೆಗಿಟ್ಟರೆ ನಾಳೆ ಯಾರು ನೋಡಿದರೂ ತುಂಬಿದೆ ಅಂದುಕೊಳ್ಳುತ್ತಾರೆ.

ವಾಪಸ್ ಬಂದ ತಕ್ಷಣ

ಕೈಕಾಲು ತೊಳೆದು, ಮಗುವನ್ನು ಯಾರ ಕೈಗಾದರೂ ಕೊಟ್ಟು, ಹತ್ತು ನಿಮಿಷ. ಮಗುವಿನ ಜೊತೆ ಮಲಗಲೇಬೇಕು ಅನ್ನಿಸಿದರೆ ಗಂಡನೇ ಮಾಡಲಿ, ಇದರಲ್ಲಿ ಅಮ್ಮನೇ ಮಾಡಬೇಕಾದ ಕೆಲಸ ಒಂದೂ ಇಲ್ಲ.

ಕೊಳೆಯುವಂಥದ್ದು ಮೊದಲು ಹೊರಗೆ. ಬಾಟಲಿಯಲ್ಲಿ ಉಳಿದ ಹಾಲು ಚೆಲ್ಲಿ, ತಣ್ಣೀರಿನಲ್ಲಿ ತೊಳೆದು, ಆಮೇಲೆ ಸೋಪು, ಬ್ರಷ್. ನಿಪ್ಪಲ್, ಅದರ ಸುತ್ತಿನ ರಿಂಗ್ ಎಲ್ಲಾ ಬಿಚ್ಚಿ ತೊಳೆಯಿರಿ, ಹಾಲು ಗಟ್ಟಿಯಾಗುವುದು ಆ ರಿಂಗಿನ ಸಂದಿಯಲ್ಲೇ. ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಕುದಿಸಿ, ಒರೆಸದೆ ಗಾಳಿಯಲ್ಲೇ ಒಣಗಲು ಬಿಡಿ. ಫ್ಲಾಸ್ಕಿನಲ್ಲಿ ಉಳಿದ ನೀರನ್ನು ಚೆಲ್ಲಿ ಬಾಯಿ ತೆರೆದೇ ಬೋರಲು ಹಾಕಿ. ಉಳಿದ ಡಬ್ಬಿಯ ಪುಡಿಯನ್ನು ದೊಡ್ಡ ಡಬ್ಬಕ್ಕೆ ವಾಪಸ್ ಸುರಿಯಬೇಡಿ. ಇಡೀ ದಿನ ಬಿಸಿಲಲ್ಲಿ ಓಡಾಡಿದ್ದು, ಚೆಲ್ಲುವುದೇ ಸರಿ.

ಒದ್ದೆ ಬಟ್ಟೆಯ ಕವರ್ ನೇರ ಬಕೆಟ್ಟಿಗೆ. ರಾತ್ರಿಯಿಡೀ ಕಟ್ಟಿಟ್ಟರೆ ವಾಸನೆ ಹಿಡಿದು, ಮಳೆಗಾಲದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಆಮೇಲೆ ಹೋಗುವುದಿಲ್ಲ. ರಬ್ಬರ್ ಶೀಟನ್ನು ಸೋಪು ನೀರಿನಲ್ಲಿ ಒರೆಸಿ ಎರಡೂ ಕಡೆ ಒಣಗಿಸಿ. ಹಸಿಯಾಗಿ ಮಡಚಿದರೆ ಪೌಚಿನಲ್ಲಿರುವ ಡೈಪರ್‌ಗಳೂ ತೇವ ಎಳೆದುಕೊಳ್ಳುತ್ತವೆ.

ಆಮೇಲೆ ತುಂಬುವುದು. ತೊಳೆದ ಬಟ್ಟೆ ಒಣಗಲಿ ಅಂತ ಕಾಯಬೇಡಿ, ಬೀರುವಿನಿಂದ ಬೇರೆ ಜೊತೆ ತೆಗೆದು ಈಗಲೇ ಇಡಿ. ತಂಗಿಯ ಬ್ಯಾಗಿಗೆ ಅವತ್ತು ಸೇರಿಸಬೇಕಾಗಿದ್ದದ್ದು ಡೈಪರ್ 3, ಜಬ್ಲಾ 2, ಚಡ್ಡಿ 1, ಒರೆಸುವ ಬಟ್ಟೆ 2, ಪೇಪರ್, ಕವರ್. ಕವರನ್ನು ಎಲ್ಲರೂ ಮರೆಯುತ್ತಾರೆ. ಡೈಪರ್ ಇದ್ದು ಕವರ್ ಇಲ್ಲದಿದ್ದರೆ ಕೊಳೆ ಬಟ್ಟೆಯನ್ನು ಒಳ್ಳೆ ಬಟ್ಟೆಯ ಜೊತೆಯೇ ತರಬೇಕು. ವೈಪ್ಸ್ ಪ್ಯಾಕೆಟ್ಟಿನ ಅಂಟು ಸರಿಯಾಗಿ ಮುಚ್ಚಿದೆಯಾ ಅಂತ ಒತ್ತಿ ನೋಡಿ, ಒಂದು ರಾತ್ರಿ ತೆರೆದಿದ್ದರೆ ಮೇಲಿನವು ಒಣಗಿ ಕಾಗದ ಆಗಿರುತ್ತವೆ. ಹತ್ತಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ಪ್ಯಾಕೆಟ್ ಹಾಕಿ ಹಳೆಯದನ್ನು ಮನೆಯಲ್ಲಿ ಬಳಸಿ.

ಲಸಿಕೆಗೆ ಹೋಗಿ ಬಂದ ದಿನ ಇನ್ನೂ ಒಂದು ಕೆಲಸ. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಹೋಗುವಾಗ ತಾಯಿ ಕಾರ್ಡ್ ಮೂಲಪ್ರತಿಯೇ ಒಯ್ಯಬೇಕು, ಅದು ಬ್ಯಾಗಿನಲ್ಲೇ ಉಳಿದು ಹಾಲು ಚೆಲ್ಲಿಸಿಕೊಳ್ಳುತ್ತದೆ. ಅವತ್ತೇ ತೆಗೆದು ಬೀರುವಿಗೆ ಇಡಿ, ಹೊಸದಾಗಿ ಬರೆದ ಪುಟದ ಜೆರಾಕ್ಸ್ ಬ್ಯಾಗಿಗೆ ಹಾಕಿ. ರೋಟಾವೈರಸ್ ಹನಿ ಹಾಕಿಸಿದ ಮೇಲೆ ಕೆಲವು ದಿನ ಮಗುವಿನ ಕಕ್ಕದಲ್ಲಿ ಲಸಿಕೆಯ ವೈರಸ್ ಬರುತ್ತದೆ. ಮನೆಯಲ್ಲಿ ಕಾಯಿಲೆಯವರು ಇದ್ದರಂತೂ ಡೈಪರ್ ಬದಲಿಸಿದ ಪ್ರತಿ ಸಲ ಸೋಪು ಹಾಕಿಯೇ ಕೈ ತೊಳೆಯಿರಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೊಳೆ ಕೈಗೆ ಕೆಲಸ ಮಾಡುವುದಿಲ್ಲ, ಪಟ್ಟಿಯಲ್ಲಿ ಪೇಪರ್ ಸೋಪ್ ಇರುವುದು ಅದಕ್ಕೆ.

ತಿಂಗಳಿಗೊಮ್ಮೆ

ಬ್ಯಾಗಿನೊಳಗಿನ ಬಟ್ಟೆ ಬಳಸದೇ ಉಳಿದರೆ ಮಗು ಮಾತ್ರ ಬೆಳೆದುಬಿಡುತ್ತದೆ. ಎರಡು ತಿಂಗಳ ಹಿಂದೆ ಇಟ್ಟ ಜಬ್ಲಾ ಬೇಕಾದ ದಿನ ತೋಳಿಗೆ ಹೋಗುವುದಿಲ್ಲ. ತಿಂಗಳಿಗೊಂದು ದಿನ ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು ಮಗುವಿಗೆ ಹಿಡಿದು ನೋಡಿ. ಡೈಪರ್ ಸೈಜೂ ಅಷ್ಟೆ. ಪ್ಯಾಕೆಟ್ಟಿನ ಮೇಲೆ ಬರೆದ ತೂಕಗಳು ಒಂದರ ಮೇಲೊಂದು ಬರುತ್ತವೆ, ಅದಕ್ಕೇ ತೂಕಕ್ಕಿಂತ ಮಗುವಿನ ಮೈ ನೋಡಿ. ತೊಡೆಯ ಸುತ್ತ, ಸೊಂಟದಲ್ಲಿ ಕೆಂಪು ಗೆರೆ ಉಳಿಯುತ್ತಿದ್ದರೆ, ಅಂಟು ನಡುವಿಗೆ ಬರದೆ ಪಕ್ಕದಲ್ಲೇ ನಿಂತರೆ, ಎರಡು ಗಂಟೆಯೊಳಗೇ ಸೋರುತ್ತಿದ್ದರೆ ಒಂದು ಸೈಜ್ ದೊಡ್ಡದಕ್ಕೆ ಹೋಗುವ ಸಮಯ. ಬದಲಿಸುವಾಗ ಬೀರುವಿನ ಪ್ಯಾಕೆಟ್ಟನ್ನು ಮಾತ್ರ ಬದಲಿಸಿ ಬ್ಯಾಗಿನ ನಾಲ್ಕನ್ನು ಹಾಗೇ ಬಿಡಬೇಡಿ. ಉಳಿದ ಸಣ್ಣ ಡೈಪರ್‌ಗಳನ್ನು ಪಕ್ಕದ ಬೀದಿಯ ಹೊಸ ಬಾಣಂತಿಗೆ ಕೊಟ್ಟರೆ ಅವಳಿಗೆ ಉಪಯೋಗಕ್ಕೆ ಬರುತ್ತವೆ.